ಕ್ಯಾಮೆರಾ ಬೆರಳು ತೋರಿದ ಮಾತ್ರಕ್ಕೆ ಕಳ್ಳರೇ?

ಅಮೆರಿಕದ ಒಂದು ಔಷಧಿ ಅಂಗಡಿ. ಒಳಗೆ ಬಂದ 11 ವರ್ಷದ ಹುಡುಗಿಯನ್ನು ಸಿಬ್ಬಂದಿ ತಡೆದು ನಿಲ್ಲಿಸಿ ತಪಾಸಣೆ ಮಾಡಿದರು. ಹಿಂದೆ ತೊಂದರೆ ಕೊಟ್ಟವರ ಪಟ್ಟಿಯಲ್ಲಿದ್ದ ಒಂದು ಮುಖಕ್ಕೂ ಈ ಹುಡುಗಿಯ ಮುಖಕ್ಕೂ ಹೋಲಿಕೆಯಿದೆ ಎಂದು ಅಂಗಡಿಯ ಕ್ಯಾಮೆರಾ ವ್ಯವಸ್ಥೆ ಸೂಚಿಸಿತ್ತು. ಆ ಸೂಚನೆ ತಪ್ಪಾಗಿತ್ತು. ಮಗಳು ಎಷ್ಟು ಕುಗ್ಗಿಹೋದಳೆಂದರೆ, ಅವಳನ್ನು ಸಮಾಧಾನಪಡಿಸಲು ತಾಯಿ ಕೆಲಸಕ್ಕೆ ರಜೆ ಹಾಕಬೇಕಾಯಿತು.

ಆ ಅಂಗಡಿ ರೈಟ್ ಏಡ್ ಎಂಬ ದೊಡ್ಡ ಸರಣಿಗೆ ಸೇರಿದ್ದಾಗಿತ್ತು. 2012ರಿಂದ 2020ರವರೆಗೆ ಈ ಕಂಪನಿ ತನ್ನ ನೂರಾರು ಮಳಿಗೆಗಳಲ್ಲಿ ಮುಖ ಗುರುತಿಸುವ ಕ್ಯಾಮೆರಾಗಳನ್ನು ಬಳಸಿತು, ಆದರೆ ಗ್ರಾಹಕರಿಗೆ ತಿಳಿಸಲಿಲ್ಲ. ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್, 2023ರ ಡಿಸೆಂಬರ್‌ನಲ್ಲಿ ಈ ಬಗ್ಗೆ ದೂರು ದಾಖಲಿಸಿತು. ಆರೋಪಗಳನ್ನು ಒಪ್ಪುವುದಿಲ್ಲ ಎಂದು ಹೇಳಿದ ಕಂಪನಿ, ಐದು ವರ್ಷ ಭದ್ರತೆಗಾಗಿ ಈ ತಂತ್ರಜ್ಞಾನವನ್ನು ಬಳಸಬಾರದೆಂಬ ಆದೇಶಕ್ಕೆ ಮಾತ್ರ ಒಪ್ಪಿಕೊಂಡಿತು.

ಅಂಗಡಿಯವರ ಕಷ್ಟ ಸುಳ್ಳಲ್ಲ. ಪದೇ ಪದೇ ಕದಿಯುವವರು, ಸಿಬ್ಬಂದಿಯ ಮೇಲೆ ಕೈ ಮಾಡುವವರು ಇದ್ದೇ ಇದ್ದಾರೆ. ಅಂಥವರು ಬಾಗಿಲು ದಾಟಿದ ಕೂಡಲೇ ತಿಳಿದರೆ ಒಳ್ಳೆಯದೇ. ಆದರೆ ತಪ್ಪು ಹೇಗೆ ಆಗುತ್ತದೆ ಎಂದು ತಿಳಿಯಬೇಕಾದರೆ ಮೊದಲು ಈ ವ್ಯವಸ್ಥೆ ಕೆಲಸ ಮಾಡುವ ಬಗೆಯನ್ನು ನೋಡಬೇಕು.

ಬಾಗಿಲ ಬಳಿಯ ಕ್ಯಾಮೆರಾ ಒಳಬರುವ ಪ್ರತಿಯೊಬ್ಬರ ಮುಖವನ್ನೂ ಸೆರೆಹಿಡಿಯುತ್ತದೆ. ತಂತ್ರಾಂಶ ಆ ಮುಖವನ್ನು ಅಂಕಿಗಳ ಒಂದು ಸಾಲಾಗಿ ಬದಲಿಸುತ್ತದೆ. ಅಂಗಡಿಯ ಬಳಿ ನಿಗಾ ಪಟ್ಟಿಯೊಂದಿರುತ್ತದೆ. ಅದರಲ್ಲಿರುವ ಮುಖಗಳೂ ಹೀಗೆಯೇ ಅಂಕಿಗಳಾಗಿ ಕೂತಿರುತ್ತವೆ. ಎರಡನ್ನೂ ಹೋಲಿಸಿ ತಂತ್ರಾಂಶ ಒಂದು ಅಂಕ ಕೊಡುತ್ತದೆ. ಅಂಕ ನಿಗದಿತ ಮಿತಿಯನ್ನು ದಾಟಿದರೆ ಸಿಬ್ಬಂದಿಯ ಮೊಬೈಲಿಗೆ ಎಚ್ಚರಿಕೆ ಹೋಗುತ್ತದೆ. ‘ಇವರೇ ಅವರು’ ಎಂದು ಯಂತ್ರ ಎಂದೂ ಹೇಳುವುದಿಲ್ಲ. ‘ಇಷ್ಟು ಹೋಲುತ್ತಾರೆ’ ಎನ್ನುವುದಷ್ಟೇ ಅದಕ್ಕೆ ಗೊತ್ತು. ಮಿತಿ ಎಲ್ಲಿರಬೇಕೆಂದು ತೀರ್ಮಾನಿಸುವವರು ಮನುಷ್ಯರು. ಮಿತಿ ಇಳಿಸಿದರೆ ಅಮಾಯಕರು ಹೆಚ್ಚು ಸಿಕ್ಕಿಬೀಳುತ್ತಾರೆ, ಏರಿಸಿದರೆ ನಿಜವಾದ ಕಳ್ಳರು ಹೆಚ್ಚು ನುಸುಳುತ್ತಾರೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಅಂಗಡಿಗೆ ದಿನಕ್ಕೆ 1,000 ಜನ ಬರುತ್ತಾರೆ, ಪಟ್ಟಿಯಲ್ಲಿ 500 ಮುಖಗಳಿವೆ ಎಂದುಕೊಳ್ಳಿ. ಬಂದ ಪ್ರತಿಯೊಬ್ಬರನ್ನೂ ಪಟ್ಟಿಯ ಪ್ರತಿ ಮುಖದೊಂದಿಗೆ ಹೋಲಿಸಬೇಕು, ಅಂದರೆ ದಿನಕ್ಕೆ 5 ಲಕ್ಷ ಹೋಲಿಕೆ. ಲಕ್ಷ ಹೋಲಿಕೆಗೆ ಒಂದೇ ಒಂದು ತಪ್ಪಾಗುವಷ್ಟು ಒಳ್ಳೆಯ ಯಂತ್ರವಾದರೂ ದಿನಕ್ಕೆ ಐದು ಸುಳ್ಳು ಎಚ್ಚರಿಕೆ ಬರುತ್ತವೆ. ಪಟ್ಟಿಯಲ್ಲಿರುವವರು ನಿಜವಾಗಿ ಬರುವುದು ದಿನಕ್ಕೆ ಒಬ್ಬರಾದರೆ, ಬಂದ ಆರು ಎಚ್ಚರಿಕೆಗಳಲ್ಲಿ ಐದು ನಿರಪರಾಧಿಗಳ ಮೇಲೆ ಬಿದ್ದಂತಾಯಿತು. ಪಟ್ಟಿ ಎರಡು ಪಟ್ಟಾದರೆ ಸುಳ್ಳು ಎಚ್ಚರಿಕೆಯೂ ಎರಡು ಪಟ್ಟಾಗುತ್ತದೆ. ಮಾರಾಟಗಾರರು ಹೇಳುವ ‘ಶೇ 99.9 ನಿಖರ’ ಎಂಬ ಮಾತಿನಲ್ಲಿ ಈ ಲೆಕ್ಕ ಕಾಣಿಸುವುದಿಲ್ಲ.

ಪಟ್ಟಿ ಚಿಕ್ಕದಾಗಿ, ಚೊಕ್ಕಟವಾಗಿ ಇರಬೇಕೆನ್ನುವುದು ಇದಕ್ಕೇ. ರೈಟ್ ಏಡ್ ಮಾಡಿದ್ದು ತದ್ವಿರುದ್ಧ. ಕಮಿಷನ್ನಿನ ದೂರಿನ ಪ್ರಕಾರ, ಆದಷ್ಟು ಹೆಚ್ಚು ಜನರನ್ನು ಪಟ್ಟಿಗೆ ಸೇರಿಸುವಂತೆ ಅಂಗಡಿಗಳ ಭದ್ರತಾ ಸಿಬ್ಬಂದಿಗೆ ಸೂಚನೆಯಿತ್ತು. ಹೀಗೆ ಹತ್ತಾರು ಸಾವಿರ ಮುಖಗಳು ಸೇರಿದವು. ಸಿಸಿಟಿವಿಯ ಮಸುಕು ಚಿತ್ರ, ಸಿಬ್ಬಂದಿ ಮೊಬೈಲಿನಲ್ಲಿ ತೆಗೆದ ಫೋಟೊ, ಸುದ್ದಿಯಲ್ಲಿ ಬಂದ ಚಿತ್ರ ಎಲ್ಲವೂ ಅದರಲ್ಲಿದ್ದವು. ಮುಖವೇ ಸ್ಪಷ್ಟವಾಗಿ ಕಾಣದ ಫೋಟೊ ಯಾರನ್ನು ಬೇಕಾದರೂ ಹೋಲಬಹುದು. ಒಮ್ಮೆ ಐದು ದಿನಗಳ ಅವಧಿಯಲ್ಲಿ, ಪಟ್ಟಿಯಲ್ಲಿದ್ದ ಒಂದೇ ಒಂದು ಚಿತ್ರಕ್ಕೆ ದೇಶದ ಆ ತುದಿಯಿಂದ ಈ ತುದಿಯವರೆಗಿನ 130ಕ್ಕೂ ಹೆಚ್ಚು ಮಳಿಗೆಗಳಲ್ಲಿ 900ಕ್ಕೂ ಹೆಚ್ಚು ಎಚ್ಚರಿಕೆಗಳು ಬಂದವು. ಒಬ್ಬ ವ್ಯಕ್ತಿ ವಾರದೊಳಗೆ ಅಷ್ಟೂ ಅಂಗಡಿ ಸುತ್ತಲು ಸಾಧ್ಯವಿಲ್ಲ ಎಂಬುದು ಯಾರಿಗಾದರೂ ಹೊಳೆಯಬೇಕಿತ್ತು. ಆದರೆ ಒಂದು ಅಂಗಡಿಯ ಸಿಬ್ಬಂದಿಗೆ ಕಾಣುವುದು ತಮ್ಮ ಮೊಬೈಲಿಗೆ ಬಂದ ಎಚ್ಚರಿಕೆ ಮಾತ್ರ. ಹೋಲಿಕೆಯ ಅಂಕವನ್ನೂ ಸಾಮಾನ್ಯವಾಗಿ ಅವರಿಗೆ ತೋರಿಸುತ್ತಿರಲಿಲ್ಲ.

ತಪ್ಪುಗಳು ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ. ಕಪ್ಪು ವರ್ಣೀಯರು ಮತ್ತು ಏಷ್ಯಾ ಮೂಲದವರು ಹೆಚ್ಚಾಗಿರುವ ಬಡಾವಣೆಗಳ ಮಳಿಗೆಗಳಲ್ಲಿ ಸುಳ್ಳು ಎಚ್ಚರಿಕೆ ಬರುವ ಸಾಧ್ಯತೆ ಹೆಚ್ಚಿತ್ತು ಎಂದು ದೂರು ಹೇಳುತ್ತದೆ. ಒಂದು ಕಡೆ ಹೊಂಬಣ್ಣದ ಕೂದಲಿನ ಬಿಳಿಯ ಮಹಿಳೆಯೆಂದು ತಪ್ಪು ತಿಳಿದು ಕಪ್ಪು ವರ್ಣದ ಗ್ರಾಹಕಿಯ ಮೇಲೆ ಪೊಲೀಸರನ್ನು ಕರೆಸಿದ್ದೂ ಉಂಟು. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2019ರಲ್ಲಿ ಅನೇಕ ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ಆಫ್ರಿಕಾ ಮತ್ತು ಪೂರ್ವ ಏಷ್ಯಾ ಮೂಲದವರನ್ನು ಬೇರೊಬ್ಬರೆಂದು ತಪ್ಪಾಗಿ ಹೊಂದಿಸುವ ಪ್ರಮಾಣ ಎಷ್ಟೋ ತಂತ್ರಾಂಶಗಳಲ್ಲಿ ಬಿಳಿಯರಿಗಿಂತ 10ರಿಂದ 100 ಪಟ್ಟು ಹೆಚ್ಚಿತ್ತು. ಪುರುಷರಿಗಿಂತ ಮಹಿಳೆಯರ ವಿಷಯದಲ್ಲಿ ತಪ್ಪು ಹೆಚ್ಚು. ಅಷ್ಟು ತೀವ್ರವಲ್ಲದಿದ್ದರೂ ದಕ್ಷಿಣ ಏಷ್ಯಾದ ಮುಖಗಳಿಗೂ ಇದು ತಪ್ಪಿರಲಿಲ್ಲ. ವಿದೇಶದಲ್ಲಿ ನೆಲೆಸಿದ ನಮ್ಮವರಿಗೆ ಈ ವಿಷಯ ದೂರದ್ದಲ್ಲ.

ಇದನ್ನೇ ಜಾಗರೂಕತೆಯಿಂದ ಮಾಡಿದರೆ ಹೇಗಿರುತ್ತದೆ? ನ್ಯೂಜಿಲೆಂಡಿನಲ್ಲಿ ಫುಡ್‌ಸ್ಟಫ್ಸ್ ನಾರ್ತ್ ಐಲೆಂಡ್ ಎಂಬ ಸೂಪರ್‌ಮಾರ್ಕೆಟ್ ಸಂಸ್ಥೆ 2024ರಲ್ಲಿ ತನ್ನ 25 ಮಳಿಗೆಗಳಲ್ಲಿ ಆರು ತಿಂಗಳು ಪ್ರಯೋಗ ನಡೆಸಿತು. ಖಾಸಗಿತನದ ಆಯುಕ್ತರು ಅದರ ಮೇಲೆ ಕಣ್ಣಿಟ್ಟಿದ್ದರು. ಪ್ರತಿ ಮಳಿಗೆಗೂ ತನ್ನದೇ ಪಟ್ಟಿ, ಇನ್ನೊಂದು ಮಳಿಗೆಗೆ ಅದು ಹೋಗುವಂತಿಲ್ಲ. ಮಕ್ಕಳನ್ನು ಸೇರಿಸುವಂತಿಲ್ಲ. ಎಚ್ಚರಿಕೆ ಬಂದರೆ ತರಬೇತಿ ಪಡೆದ ಇಬ್ಬರು ಸಿಬ್ಬಂದಿ ಚಿತ್ರವನ್ನೂ ವ್ಯಕ್ತಿಯನ್ನೂ ನೋಡಿ ಹೌದೆನ್ನಬೇಕು. ಹೊಂದಿಕೆಯಾಗದ ಮುಖಗಳನ್ನು ಕೂಡಲೇ ಅಳಿಸಬೇಕು. ಸುಮಾರು 22.6 ಕೋಟಿ ಬಾರಿ ಮುಖಗಳನ್ನು ಪರೀಕ್ಷಿಸಿದ ಆ ವ್ಯವಸ್ಥೆ 1,742 ಎಚ್ಚರಿಕೆ ಕೊಟ್ಟಿತು. ಅವುಗಳಲ್ಲಿ ಖಚಿತವಾದವು 1,208. ಅಂದರೆ ಇಷ್ಟು ಕಟ್ಟುನಿಟ್ಟಿದ್ದೂ ಹತ್ತರಲ್ಲಿ ಮೂರು ಎಚ್ಚರಿಕೆಗಳು ಖಚಿತವಾಗಲಿಲ್ಲ. ಪ್ರಯೋಗದ ನಡುವೆಯೇ ಹೋಲಿಕೆಯ ಮಿತಿಯನ್ನು ಶೇ 90ರಿಂದ 92.5ಕ್ಕೆ ಏರಿಸಲಾಯಿತು.

ಅಲ್ಲಿಯೂ ಒಂದು ಅನ್ಯಾಯ ನಡೆದೇಹೋಯಿತು. ರೋಟೊರುವಾ ಊರಿನ ಮಳಿಗೆಯಲ್ಲಿ ಮಾವೋರಿ ಮಹಿಳೆಯೊಬ್ಬರನ್ನು ಕಳ್ಳಿಯೆಂದು ಭಾವಿಸಿ ಹೊರಹೋಗುವಂತೆ ಹೇಳಿದರು. ಅವರು ತಮ್ಮ ಫೋಟೊ ಇರುವ ಗುರುತಿನ ಚೀಟಿಗಳನ್ನು ತೋರಿಸಿದರೂ ಸಿಬ್ಬಂದಿ ನಂಬಲಿಲ್ಲ. ಆಮೇಲೆ ಕಂಪನಿ ಕ್ಷಮೆ ಕೇಳಿ, ಇದು ಮನುಷ್ಯರಿಂದಾದ ತಪ್ಪು ಎಂದಿತು. ಆ ಮಾತು ನಿಜವೇ ಇರಬಹುದು. ಆದರೆ ಅಲ್ಲಿಯೇ ದೊಡ್ಡ ಅಪಾಯವಿದೆ. ಯಂತ್ರ ಒಮ್ಮೆ ‘ಇವಳೇ’ ಎಂಬಂತೆ ಸೂಚಿಸಿದ ಮೇಲೆ, ಕೈಯಲ್ಲಿ ಹಿಡಿದ ಗುರುತಿನ ಚೀಟಿಯನ್ನೂ ನಂಬದಷ್ಟು ಮನುಷ್ಯನ ಕಣ್ಣು ಅದಕ್ಕೆ ಒಲಿದುಬಿಡುತ್ತದೆ. ಪರಿಶೀಲಿಸಬೇಕಾದವರು ಪರಿಶೀಲಿಸದೆ ಒಪ್ಪಿಬಿಟ್ಟರೆ ಇಬ್ಬರಿದ್ದರೂ ಇಪ್ಪತ್ತು ಜನರಿದ್ದರೂ ಒಂದೇ.

2025ರ ಜೂನ್‌ನಲ್ಲಿ ಆಯುಕ್ತರು ಈ ಪ್ರಯೋಗ ಕಾನೂನಿಗೆ ಅನುಗುಣವಾಗಿತ್ತು ಎಂದು ವರದಿ ಕೊಟ್ಟರು. ಮೇಲೆ ಹೇಳಿದ ಕಟ್ಟುಪಾಡುಗಳಿದ್ದುದೇ ಅದಕ್ಕೆ ಮುಖ್ಯ ಕಾರಣ. ಒಂದೇ ಬಗೆಯ ಕ್ಯಾಮೆರಾ ಅಮೆರಿಕದಲ್ಲಿ ನಿಷೇಧಕ್ಕೆ, ನ್ಯೂಜಿಲೆಂಡಿನಲ್ಲಿ ಒಪ್ಪಿಗೆಗೆ ಕಾರಣವಾದದ್ದು ಹೀಗೆ.

ಆದ್ದರಿಂದ ಇಂಥ ಕ್ಯಾಮೆರಾ ಇಟ್ಟ ಅಂಗಡಿಯನ್ನು ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಬಾಗಿಲಲ್ಲಿ ಸ್ಪಷ್ಟ ಫಲಕ ಹಾಕಿದ್ದೀರಾ? ಪಟ್ಟಿಗೆ ಯಾರನ್ನು, ಯಾವ ಪುರಾವೆಯ ಮೇಲೆ ಸೇರಿಸುತ್ತೀರಿ? ಎಚ್ಚರಿಕೆ ಬಂದಾಗ ಯಾರು ಪರಿಶೀಲಿಸುತ್ತಾರೆ? ತಪ್ಪಾಗಿ ಸಿಕ್ಕಿಬಿದ್ದವರು ಯಾರ ಬಳಿ ಹೋಗಿ ತಮ್ಮ ಹೆಸರು ತೆಗೆಸಬೇಕು? ಈ ನಾಲ್ಕಕ್ಕೂ ಉತ್ತರವಿಲ್ಲದ ಅಂಗಡಿ ಆ ಕ್ಯಾಮೆರಾ ಇಡಬಾರದು. ಕಳುವಾದ ಸಾಮಾನಿನ ಬೆಲೆಯನ್ನು ಲೆಕ್ಕ ಹಾಕಬಹುದು. ನಾಲ್ಕು ಜನರೆದುರು ಕಳ್ಳಿ ಎನಿಸಿಕೊಂಡ 11 ವರ್ಷದ ಹುಡುಗಿಗೆ ಆದ ನಷ್ಟವನ್ನು ಯಾವ ಅಂಗಡಿಯೂ ತುಂಬಿಕೊಡಲಾರದು.