ಉತ್ತರ ಸರಿ ಇದ್ದರೂ ಅಂಕ ಯಾಕ ಹೋತು?

ಕಳೆದ ತಿಂಗಳು ಒಂದು ಶನಿವಾರ ಸಂಜೆ ನನ್ನ ಮೊಬೈಲ್‌ಗೆ ಒಂದು ಫೋಟೊ ಬಂತು. ನಾನೇ ತಿದ್ದಿ ಕೊಟ್ಟಿದ್ದ ಒಂಬತ್ತನೇ ತರಗತಿಯ ರೇಖಾಗಣಿತದ ವರ್ಕ್‌ಶೀಟ್. ಮೇಲೆ ಕೆಂಪು ಶಾಯಿಯಲ್ಲಿ 15ಕ್ಕೆ 9. ಬೆನ್ನಿಗೇ ಹುಡುಗಿಯ ತಾಯಿಯ ವಾಯ್ಸ್ ಮೆಸೇಜ್: ‘ಸರ್, ಮೂರೂ ಲೆಕ್ಕದ ಉತ್ತರ ಬರೋಬ್ಬರಿ ಅದಾವು. ನೀವ ರೈಟ್ ಹಾಕೀರಿ. ಮತ್ತ ಆರು ಮಾರ್ಕ್ಸ್ ಯಾಕ ಕಟ್ ಆದ್ವು? ಮುಂಜಾನಿಂದ ಅಳಕೋತ ಕುಂತಾಳ್ರಿ. ಇನ್ನ ನನಗ ಮ್ಯಾಥ್ಸ್ ಬ್ಯಾಡ ಅಂತಾಳ.’

ನಾನು ಹಾವೇರಿ ಜಿಲ್ಲೆಯವನು. ಪುಣೆಯ ಶಾಲೆಯೊಂದರಲ್ಲಿ ಗಣಿತ ಕಲಿಸಲು ಶುರು ಮಾಡಿ 14 ವರ್ಷವಾಯಿತು. ಆ ತಾಯಿ ಹುಬ್ಬಳ್ಳಿಯವರು, ಯಜಮಾನರಿಗೆ ಚಾಕಣದ ಕಾರ್ಖಾನೆಯೊಂದರಲ್ಲಿ ಕೆಲಸ. ಹೀಗಾಗಿ ನಮ್ಮ ಮಾತೆಲ್ಲ ಕನ್ನಡದಲ್ಲೇ. ಆದರೆ ಈ ಪ್ರಶ್ನೆಗೆ ಚಿತ್ರ ಇಲ್ಲದೆ ಫೋನಿನಲ್ಲಿ ಉತ್ತರಿಸುವುದು ಕಷ್ಟ. ರಾತ್ರಿ ಕೂತು ಎರಡು ಪುಟದ ಒಂದು ಚೀಟಿ ಬರೆದು ಸೋಮವಾರ ಹುಡುಗಿಯ ಕೈಯಲ್ಲೇ ಕಳಿಸಿದೆ. ಪ್ರತಿ ವರ್ಷವೂ ಯಾರಾದರೊಬ್ಬ ಪಾಲಕರು ಇದನ್ನೇ ಕೇಳುತ್ತಾರೆ. ಅದಕ್ಕೇ ಆ ಚೀಟಿಯ ಸಾರವನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ರದ್ದಿ ಕಾಗದ, ಪೆನ್ಸಿಲ್ ಹತ್ತಿರ ಇಟ್ಟುಕೊಂಡು ಓದಿದರೆ ಸುಲಭವಾಗುತ್ತದೆ.

ಮೊದಲನೇ ಲೆಕ್ಕ. ಮೇಲೊಂದು ಅಡ್ಡಗೆರೆ AB, ಕೆಳಗೊಂದು ಅಡ್ಡಗೆರೆ CD. AB ಮೇಲೆ ನಡುವೆ P ಎಂಬ ಬಿಂದು. CD ಮೇಲೆ ಎಡಕ್ಕೆ Q, ಬಲಕ್ಕೆ R. P ಯಿಂದ Q ಗೆ ಮತ್ತು R ಗೆ ಗೆರೆ ಎಳೆದರೆ ನಡುವೆ PQR ತ್ರಿಭುಜ. ಕೊಟ್ಟ ಕೋನಗಳು ಮೂರು: ∠APQ = 65°, ∠PQC = 115°, ∠PRD = 130°. ಕೇಳಿದ್ದು ∠BPR, ಕಾರಣ ಸಹಿತ.

ಹುಡುಗಿ ಬರೆದದ್ದು ಇಷ್ಟು: ‘∠PRQ = 180° − 130° = 50°. AB ∥ CD. ಆದ್ದರಿಂದ ಪರ್ಯಾಯ ಕೋನ ∠BPR = 50°.’ ಉತ್ತರ ಸರಿ. ನಾನು ಎರಡು ಅಂಕ ಕಳೆದೆ.

ಯಾಕೆಂದರೆ ಎರಡು ಗೆರೆಗಳು ಸಮಾಂತರ ಎಂದು ಪ್ರಶ್ನೆಯಲ್ಲಿ ಎಲ್ಲೂ ಹೇಳಿಲ್ಲ, ಚಿತ್ರದಲ್ಲಿ ಬಾಣದ ಗುರುತೂ ಇಲ್ಲ. ಅವಳಿಗೆ ಹಾಗೆ ಕಂಡಿತು, ಬರೆದಳು. ಅವು ನಿಜಕ್ಕೂ ಸಮಾಂತರವೇ. 65 ಮತ್ತು 115 ಕೂಡಿಸಿದರೆ 180, ಛೇದಕದ ಒಂದೇ ಬದಿಯ ಒಳಕೋನಗಳ ಮೊತ್ತ 180° ಆದರೆ ಗೆರೆಗಳು ಸಮಾಂತರ. ಈ ಒಂದು ಸಾಲು ಇದ್ದಿದ್ದರೆ ಪೂರ್ತಿ ಅಂಕ ಸಿಗುತ್ತಿತ್ತು.

‘ಒಂದು ಸಾಲಿಗೆ ಎರಡು ಮಾರ್ಕ್ಸಾ?’ ಎಂದು ಯಾರಿಗಾದರೂ ಅನಿಸುತ್ತದೆ. ಹಾಗಾದರೆ ಲೆಕ್ಕದಲ್ಲಿ 65ರ ಜಾಗಕ್ಕೆ 66 ಇಟ್ಟು ನೋಡಿ. ಬೇರೇನೂ ಬದಲಿಸಬೇಡಿ. ಒಂದು ಡಿಗ್ರಿಯ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಚಿತ್ರ ಮೊದಲಿನ ಹಾಗೇ ಇರುತ್ತದೆ. ಹುಡುಗಿ ಅದೇ ಸಾಲುಗಳನ್ನು ಬರೆದು ಮತ್ತೆ 50° ಎನ್ನುತ್ತಾಳೆ. ಆದರೆ ತ್ರಿಭುಜದ ಒಳಗೆ Q ನಲ್ಲಿ 65°, R ನಲ್ಲಿ 50°, ಹಾಗಾಗಿ P ಯಲ್ಲಿ 65°. AB ಸರಳರೇಖೆಯ ಮೇಲೆ P ಯಲ್ಲಿ ಮೂರು ಕೋನ ಸೇರಿ 180° ಆಗಬೇಕು: 180 − 66 − 65 = 49. ಸರಿಯಾದ ಉತ್ತರ 49°, ಅವಳದು 50°. ಅಂದರೆ ಅವಳ ದಾರಿ ಸರಿ ಇರಲಿಲ್ಲ. ಕೊಟ್ಟ ಸಂಖ್ಯೆ ಅವಳ ಪಾಲಿಗೆ ಅನುಕೂಲವಾಗಿತ್ತು, ಅಷ್ಟೇ.

ಅವಳ ಪಕ್ಕದ ಹುಡುಗನೊಬ್ಬ ಸಮಾಂತರದ ಮಾತೇ ಎತ್ತದೆ ಈಗ ನಾನು ಮಾಡಿದ ಹಾಗೆ ತ್ರಿಭುಜದಿಂದಲೇ 50° ತಂದಿದ್ದ. ಅವನಿಗೆ ಐದಕ್ಕೆ ಐದು. ನನ್ನ ದಾರಿಯಲ್ಲೇ ನಡೆಯಬೇಕೆಂಬ ಹಟ ನನಗಿಲ್ಲ, ದಾರಿ ನಡುವೆ ಕಡಿದಿರಬಾರದು ಅಷ್ಟೇ.

ಎರಡನೇ ಲೆಕ್ಕ. ABC ತ್ರಿಭುಜದಲ್ಲಿ AB = AC. A ಯಿಂದ BC ಗೆ ಲಂಬ ಎಳೆದಿದೆ, ಅದು BC ಯನ್ನು D ಯಲ್ಲಿ ಮುಟ್ಟುತ್ತದೆ. BC = 10 ಸೆಂ.ಮೀ. BD ಎಷ್ಟು, ಯಾಕೆ? ಉತ್ತರ 5 ಸೆಂ.ಮೀ. ಎಂದು ಯಾರಾದರೂ ಹೇಳುತ್ತಾರೆ. ಕೇಳಿದ್ದು ಯಾಕೆ ಎಂದು.

ಅವಳು ABD ಮತ್ತು ACD ತ್ರಿಭುಜಗಳು ಸರ್ವಸಮ ಎಂದು ತೋರಿಸಲು ಮೂರು ಸಂಗತಿ ಕೊಟ್ಟಿದ್ದಳು: AB = AC (ದತ್ತ), AD ಎರಡಕ್ಕೂ ಸಾಮಾನ್ಯ, ∠B = ∠C (ಸಮಬಾಹುಗಳ ಎದುರಿನ ಕೋನಗಳು). ಮೂರೂ ನಿಜ. ಹಾಗಾಗಿ ಸರ್ವಸಮ, ಹಾಗಾಗಿ BD = DC = 5. ಇಲ್ಲಿ ನಾನು ಮೂರು ಅಂಕ ಕಳೆದೆ.

ಈಗ D ಯನ್ನು ಸ್ವಲ್ಪ ಎಡಕ್ಕೆ ಸರಿಸಿ, B ಯಿಂದ ಮೂರು ಸೆಂ.ಮೀ. ದೂರಕ್ಕೆ. ಅವಳ ಮೂರು ಸಂಗತಿಗಳನ್ನು ಮತ್ತೆ ನೋಡಿ. AB = AC ಈಗಲೂ ನಿಜ. AD ಈಗಲೂ ಎರಡೂ ತ್ರಿಭುಜಕ್ಕೆ ಸಾಮಾನ್ಯ. ∠B = ∠C ಈಗಲೂ ನಿಜ. ಆದರೆ BD ಈಗ 3, DC 7. D ಎಲ್ಲಿದ್ದರೂ ನಿಜವಾಗಿರುವ ಸಂಗತಿಗಳಿಂದ D ನಟ್ಟನಡುವೆ ಇದೆ ಎಂದು ಹೇಗೆ ಸಾಧಿಸುವುದು?

ತಪ್ಪಿದ್ದು ಎಲ್ಲಿ? ಎರಡು ಬಾಹು ಮತ್ತು ಒಂದು ಕೋನ ಸಮವಾದರೆ ತ್ರಿಭುಜಗಳು ಸರ್ವಸಮ ಎನ್ನಬೇಕಾದರೆ ಆ ಕೋನ ಆ ಎರಡು ಬಾಹುಗಳ ನಡುವೆಯೇ ಇರಬೇಕು. ಬಾಹು-ಕೋನ-ಬಾಹು ಎಂದು ಕೋನವನ್ನು ನಡುವೆ ಬರೆಯುವುದು ಅದಕ್ಕೇ. AB ಮತ್ತು AD ನಡುವಿನ ಕೋನ A ಯ ಹತ್ತಿರ ಇದೆ, B ಯ ಹತ್ತಿರ ಅಲ್ಲ. ಇಲ್ಲಿ ಬೇಕಾಗಿದ್ದದ್ದು ಲಂಬ. D ಯಲ್ಲಿ ಎರಡೂ ಕಡೆ 90°, ವಿಕರ್ಣ AB = AC, AD ಸಾಮಾನ್ಯ. ಇದು ಲಂಬಕೋನ-ವಿಕರ್ಣ-ಬಾಹು ನಿಯಮ, ಮಕ್ಕಳು ಆರ್‌ಎಚ್‌ಎಸ್ ಎನ್ನುತ್ತಾರಲ್ಲ, ಅದು. ಅವಳ ಸಾಧನೆಯಲ್ಲಿ ಲಂಬದ ಸುದ್ದಿಯೇ ಇರಲಿಲ್ಲ.

ಮನೆಯಲ್ಲಿ ಪಾಲಕರು ಮಾಡಬಹುದಾದ ಒಂದು ಪರೀಕ್ಷೆ ಇಲ್ಲೇ ಸಿಗುತ್ತದೆ. ಪ್ರಶ್ನೆಯಲ್ಲಿ ಕೊಟ್ಟ ಸಂಗತಿಗಳಿಗೆ ಒಂದೊಂದಾಗಿ ಟಿಕ್ ಹಾಕಿಸಿ: ಇದನ್ನು ಎಲ್ಲಿ ಬಳಸಿದ್ದೀ? ಎರಡನೇ ಲೆಕ್ಕದಲ್ಲಿ ಲಂಬಕ್ಕೆ ಟಿಕ್ ಬೀಳುವುದಿಲ್ಲ. ಮೊದಲನೆಯದರಲ್ಲಿ 65ಕ್ಕೂ ಇಲ್ಲ, 115ಕ್ಕೂ ಇಲ್ಲ. ಬಳಸದೆ ಉಳಿದ ಸಂಗತಿ ಕಂಡರೆ ಎಲ್ಲೋ ಒಂದು ಕೊಂಡಿ ತಪ್ಪಿರಬಹುದು ಎಂದು ಅನುಮಾನ ಪಡಬೇಕು. ಅನುಮಾನ ಮಾತ್ರ, ತೀರ್ಪಲ್ಲ. ಕೆಲವು ಪ್ರಶ್ನೆಗಳಲ್ಲಿ ಬೇಕೆಂದೇ ಹೆಚ್ಚಿನ ಮಾಹಿತಿ ಇಟ್ಟಿರುತ್ತಾರೆ.

ಮೂರನೇ ಲೆಕ್ಕದಲ್ಲಿ ತಪ್ಪು ನನ್ನದು. AB = AC, ∠A = 40°, BC ಯನ್ನು E ವರೆಗೆ ಮುಂದಕ್ಕೆ ಎಳೆದಿದೆ, ∠ACE ಎಷ್ಟು? ಅವಳು ∠B = 70° ಎಂದು ಕಾರಣ ಸಹಿತ ತೆಗೆದು, ‘ಬಾಹ್ಯಕೋನ = 40° + 70° = 110°’ ಎಂದು ಬರೆದಿದ್ದಳು. ನನ್ನ ಉತ್ತರ ಪತ್ರಿಕೆಯಲ್ಲಿ ∠C = 70°, ಸರಳಯುಗ್ಮದಿಂದ 180° − 70° = 110° ಎಂದಿತ್ತು. ರಾತ್ರಿ ಹನ್ನೊಂದು ಗಂಟೆಗೆ ತಿದ್ದುವಾಗ ಸರಳಯುಗ್ಮದ ಸಾಲು ಕಾಣದೆ ಒಂದು ಅಂಕ ಕಳೆದಿದ್ದೆ. ಬಾಹ್ಯಕೋನವು ದೂರದ ಎರಡು ಒಳಕೋನಗಳ ಮೊತ್ತಕ್ಕೆ ಸಮ ಎಂಬುದು ತರಗತಿಯಲ್ಲಿ ಸಾಧಿಸಿಯೇ ಮುಗಿಸಿದ ಪ್ರಮೇಯ. ಅದನ್ನು ನೇರವಾಗಿ ಬಳಸುವ ಹಕ್ಕು ಅವಳಿಗಿದೆ. ಅಂಕ ವಾಪಸ್ ಕೊಟ್ಟು 9ನ್ನು 10 ಮಾಡಿದೆ, ಚೀಟಿಯಲ್ಲಿ ಕ್ಷಮೆಯನ್ನೂ ಕೇಳಿದೆ.

ಹಾಗಾದರೆ ಯಾವ ಕಾರಣ ನಡೆಯುತ್ತದೆ, ಯಾವುದು ನಡೆಯುವುದಿಲ್ಲ? ಪ್ರತಿ ಸಾಲಿಗೂ ‘ಇದು ಹೇಗೆ ಗೊತ್ತು?’ ಎಂದು ಕೇಳಿದರೆ ಮೂರೇ ಉತ್ತರ ಸಲ್ಲುತ್ತವೆ: ಪ್ರಶ್ನೆಯಲ್ಲಿ ಕೊಟ್ಟಿದೆ, ಈಗಾಗಲೇ ಕಲಿತ ಪ್ರಮೇಯ ಅಥವಾ ನಿಯಮ ಹೇಳುತ್ತದೆ, ಮೇಲಿನ ಸಾಲುಗಳಿಂದ ಬರುತ್ತದೆ. ‘ಚಿತ್ರದಾಗ ಹಂಗ ಕಾಣತೈತಿ’ ಎಂಬುದು ಸಲ್ಲುವುದಿಲ್ಲ. ಹಾಗೆಂದು ಚಿತ್ರವನ್ನು ಪೂರ್ತಿ ಬಿಡುವುದಿಲ್ಲ. D ಎಂಬುದು B ಮತ್ತು C ನಡುವೆ ಇದೆ, E ಗೆರೆಯ ಆಚೆಗಿದೆ ಎಂಬುದನ್ನು ನಾವು ಚಿತ್ರ ನೋಡಿಯೇ ಒಪ್ಪುತ್ತೇವೆ. ಸಮ, ಲಂಬ, ಸಮಾಂತರ ಈ ಮೂರನ್ನು ಮಾತ್ರ ಕಣ್ಣಳತೆಗೆ ಒಪ್ಪಿಸುವುದಿಲ್ಲ.

ಚೀಟಿ ಓದಿದ ತಂದೆ ಫೋನ್ ಮಾಡಿದರು. ‘ಎಲ್ಲಾ ಖರೇ ಸರ್. ಆದ್ರ ನಾಳೆ ಜೆಇಇದಾಗ ಸ್ಟೆಪ್ಸ್ ಯಾರ್ ನೋಡ್ತಾರ?’ ನ್ಯಾಯವಾದ ಪ್ರಶ್ನೆ. ಅಲ್ಲಿ ಯಾರೂ ನೋಡುವುದಿಲ್ಲ, ಕಂಪ್ಯೂಟರ್ ಉತ್ತರವನ್ನಷ್ಟೇ ನೋಡುತ್ತದೆ. ಸಿಬಿಎಸ್‌ಇ ಹತ್ತನೇ ತರಗತಿಯ ಲಿಖಿತ ಪ್ರಶ್ನೆಗಳಲ್ಲಿ ಹಂತ ಹಂತಕ್ಕೆ ಅಂಕ ಇರುತ್ತದೆ, ಅದು ಬೇರೆ ಮಾತು. ನಾನು ಅವರಿಗೆ ಹೇಳಿದ್ದು 66°ಯ ಲೆಕ್ಕ. ಅದನ್ನೇ ನಾಲ್ಕು ಆಯ್ಕೆಯ ಪ್ರಶ್ನೆಯಾಗಿ ನಾನು ತೆಗೆದರೆ, ಆಯ್ಕೆಗಳಲ್ಲಿ 49° ಒಂದು ಇರುತ್ತದೆ, 50° ಇನ್ನೊಂದು ಇದ್ದೇ ಇರುತ್ತದೆ. ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದು ಪ್ರಶ್ನೆ ತೆಗೆಯುವವರಿಗೆ ಗೊತ್ತು. ಅವರು ಒಂದು ಗಳಿಗೆ ಸುಮ್ಮನಿದ್ದು ‘ಹೌದ್ರಿ’ ಎಂದರು.

ಕನ್ನಡ ಮಾಧ್ಯಮದಲ್ಲಿ ಓದಿದ ಪಾಲಕರಿಗೆ ಇನ್ನೊಂದು ಮಾತು. ‘ಮಗಳದು ಇಂಗ್ಲಿಷ್ ಮೀಡಿಯಂ, ನಮಗೇನು ತಿಳೀತದ’ ಎಂದು ಹಿಂದೆ ಸರಿಯಬೇಡಿ. ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ನಾಲ್ಕು ತಲೆಬರಹ ಬರೆಯದೆ ಪ್ರಮೇಯ ಶುರು ಮಾಡುತ್ತಿರಲಿಲ್ಲ. ನಿಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಬರೆಯಬೇಕಾದದ್ದೂ ಅವೇ ನಾಲ್ಕು. ದತ್ತ ಯಾವುದು, ಸಾಧನೀಯ ಯಾವುದು ಎಂದು ಕೇಳಲು ಇಂಗ್ಲಿಷ್ ಬೇಕಿಲ್ಲ, ಲೆಕ್ಕದ ಉತ್ತರವೂ ನಿಮಗೆ ಗೊತ್ತಿರಬೇಕಿಲ್ಲ.

ಮರುದಿನ ಹುಡುಗಿ ಸ್ಟಾಫ್ ರೂಮಿಗೆ ಬಂದಳು. 66 ಇಟ್ಟು ತಾನೇ ಮಾಡಿ ನೋಡಿದ್ದಳಂತೆ. ‘ಸರ್, ಒಂದು ಡೌಟ್. 66 ಇಟ್ಟರೆ ಆ ಗೆರೆಗಳು ಎಲ್ಲಿಯಾದರೂ ಸೇರುತ್ತವೆ ಅಲ್ವಾ? ಯಾವ ಕಡೆ?’ ಎಂದು ಕೇಳಿದಳು. ನಾನು ಉತ್ತರ ಹೇಳಲಿಲ್ಲ. 66 ಮತ್ತು 115 ಕೂಡಿಸಿ, 180ಕ್ಕಿಂತ ಕಡಿಮೆ ಯಾವ ಬದಿಯಲ್ಲಿ ಬರುತ್ತದೋ ನೋಡು ಎಂದೆ. ಕಾರಣ ಸಹಿತ ಬರೆದುಕೊಂಡು ಬಾ ಎಂದೂ ಹೇಳಿದೆ.