ಹದಿನಾಲ್ಕು ಗೆರೆ ಬೇಕಾದಲ್ಲಿ ಏಳೇ ಪಿನ್

1981ರಲ್ಲಿ ಬಂದ ಐಬಿಎಂ ಪಿಸಿಯ ಮುಚ್ಚಳ ತೆಗೆದರೆ ಮದರ್‌ಬೋರ್ಡಿನ ಒಂದು ಮೂಲೆಯಲ್ಲಿ ಸಾಲಿಗೆ ಒಂಬತ್ತರಂತೆ ನಾಲ್ಕು ಸಾಲು ಕಪ್ಪು ಚಿಪ್‌ಗಳು ಕಾಣುತ್ತಿದ್ದವು. ಅವು 4116 ಎಂಬ ಜಾತಿಯ ಮೆಮೊರಿ ಚಿಪ್‌ಗಳು. ಒಂದೊಂದರಲ್ಲೂ 16,384 ಬಿಟ್‌ಗಳು. ಇಷ್ಟು ಮನೆಗಳಲ್ಲಿ ಯಾವುದು ಬೇಕೆಂದು ಹೇಳಲು ಹದಿನಾಲ್ಕು ಬಿಟ್‌ಗಳ ವಿಳಾಸ ಬೇಕು. ಆದರೆ ಚಿಪ್‌ನಲ್ಲಿ ವಿಳಾಸಕ್ಕೆಂದು ಇದ್ದದ್ದು ಏಳೇ ಪಿನ್. ಉಳಿದ ಅರ್ಧ ಎಲ್ಲಿಂದ ಒಳಹೋಗುತ್ತಿತ್ತು?

ಇದು ತಿಳಿಯಬೇಕಾದರೆ ಆ ಮನೆಯೊಳಗೆ ಏನಿದೆ ಎಂದು ನೋಡಬೇಕು. ಮೆಮೊರಿಯಲ್ಲಿ ಎರಡು ಬಗೆ. ಸ್ಟ್ಯಾಟಿಕ್ ಮೆಮೊರಿಯ ಒಂದು ಬಿಟ್‌ಗೆ ಸಾಮಾನ್ಯವಾಗಿ ಆರು ಟ್ರಾನ್ಸಿಸ್ಟರ್. ಅವುಗಳಲ್ಲಿ ನಾಲ್ಕು ಸೇರಿ, ಒಂದನ್ನೊಂದು ಹಿಡಿದು ನಿಲ್ಲಿಸುವ ಜೋಡಿಯಾಗುತ್ತವೆ. ಒಂದು ಕಡೆ ಮೇಲಿದ್ದರೆ ಇನ್ನೊಂದನ್ನು ಕೆಳಗೆ ಒತ್ತುತ್ತದೆ, ಕೆಳಗಿರುವುದು ಮೊದಲಿನದನ್ನು ಮೇಲೆ ಎತ್ತುತ್ತದೆ. ಕರೆಂಟು ಇರುವತನಕ ಬರೆದದ್ದು ಹಾಗೆಯೇ ಇರುತ್ತದೆ, ಯಾರೂ ಹೋಗಿ ವಿಚಾರಿಸಬೇಕಿಲ್ಲ. ಡೈನಾಮಿಕ್ ಮೆಮೊರಿಯಲ್ಲಿ ಇಷ್ಟೆಲ್ಲ ಸಂಸಾರವಿಲ್ಲ. ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್, ಅಷ್ಟೇ. ಕೆಪಾಸಿಟರ್‌ನಲ್ಲಿ ವಿದ್ಯುದಂಶ ತುಂಬಿದ್ದರೆ ಒಂದು, ಖಾಲಿಯಿದ್ದರೆ ಸೊನ್ನೆ. ಈ ಏರ್ಪಾಟಿಗೆ ಐಬಿಎಂನ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದರು. ಸಣ್ಣ ಮನೆಯಾದ್ದರಿಂದ ಅಷ್ಟೇ ಸಿಲಿಕಾನಿನಲ್ಲಿ ಹೆಚ್ಚು ಮನೆ. 4116ರ ಕಾಲದ ಜನಪ್ರಿಯ ಸ್ಟ್ಯಾಟಿಕ್ ಚಿಪ್ ಆದ 2114ರಲ್ಲಿ ಇದ್ದದ್ದು 4,096 ಬಿಟ್.

ಅಗ್ಗದ ಈ ಮನೆಗೆ ಎರಡು ಕುಂದು. ಮೊದಲನೆಯದು, ಅದು ಸೋರುತ್ತದೆ. ಎರಡನೆಯದು, ಓದಿದರೆ ಅಳಿಸಿಹೋಗುತ್ತದೆ. ತಂಬಿಗೆಯಲ್ಲಿ ನೀರಿದೆಯೋ ಇಲ್ಲವೋ ಎಂದು ತಿಳಿಯಲು ಅದನ್ನು ಕೊಳವೆಯಿಂದ ಅರ್ಧ ತುಂಬಿದ ಹಂಡೆಗೆ ಜೋಡಿಸಿ, ಹಂಡೆಯ ಮಟ್ಟ ಕೂದಲೆಳೆಯಷ್ಟು ಏರಿತೋ ಇಳಿಯಿತೋ ನೋಡುವಂತೆ ಇದು. ನೋಡುವಷ್ಟರಲ್ಲಿ ತಂಬಿಗೆಯ ಮೊದಲಿನ ಸ್ಥಿತಿ ಉಳಿದಿರುವುದಿಲ್ಲ. ಆ ಸಣ್ಣ ಏರಿಳಿತವನ್ನು ಗುರುತಿಸಿ ದೊಡ್ಡದು ಮಾಡುವ ಸೂಕ್ಷ್ಮ ಆಂಪ್ಲಿಫೈಯರ್ ಚಿಪ್‌ನಲ್ಲೇ ಇರುತ್ತದೆ. ಓದಿದ್ದನ್ನು ಮತ್ತೆ ತಂಬಿಗೆಗೆ ತುಂಬಿಡುವುದೂ ಅದರದೇ ಕೆಲಸ.

ಇಲ್ಲಿಯೇ ವಿಳಾಸದ ಒಗಟು ಬಿಡುತ್ತದೆ. 4116ರ ಮನೆಗಳು 128 ಅಡ್ಡಸಾಲು, 128 ಕಂಬಸಾಲುಗಳಲ್ಲಿ ಜೋಡಣೆಗೊಂಡಿವೆ. ಒಂದೇ ಮನೆಯ ಬಾಗಿಲು ತೆಗೆಯುವ ಉಪಾಯ ಅಲ್ಲಿಲ್ಲ. ಅಡ್ಡಸಾಲನ್ನು ಎಬ್ಬಿಸಿದರೆ ಅದರಲ್ಲಿರುವ 128 ಮನೆಗಳೂ ಒಟ್ಟಿಗೆ ತೆರೆದುಕೊಳ್ಳುತ್ತವೆ. ಅಷ್ಟೂ ಬಿಟ್‌ಗಳು 128 ಆಂಪ್ಲಿಫೈಯರ್‌ಗಳಿಗೆ ಹೋಗುತ್ತವೆ. ಅವುಗಳಲ್ಲಿ ಯಾವುದನ್ನು ಹೊರಗೆ ಕಳಿಸಬೇಕೆಂಬ ಪ್ರಶ್ನೆ ಬರುವುದು ಆಮೇಲೆ. ಅಂದರೆ ಅಡ್ಡಸಾಲಿನ ಸಂಖ್ಯೆ ಮೊದಲು ಬೇಕು, ಕಂಬಸಾಲಿನದು ಸ್ವಲ್ಪ ತಡವಾಗಿ ಬಂದರೂ ನಡೆಯುತ್ತದೆ. ಹಾಗಿದ್ದಮೇಲೆ ಎರಡಕ್ಕೂ ಬೇರೆಬೇರೆ ಪಿನ್ ಏಕೆ? ಏಳು ಪಿನ್‌ಗಳಲ್ಲಿ ಮೊದಲು ಅಡ್ಡಸಾಲಿನ ಸಂಖ್ಯೆ ಇಟ್ಟು ರಾಸ್ ಎಂಬ ಗೆರೆಯಲ್ಲಿ ಸನ್ನೆ ಕೊಡುವುದು, ನಂತರ ಅದೇ ಪಿನ್‌ಗಳಲ್ಲಿ ಕಂಬಸಾಲಿನ ಸಂಖ್ಯೆ ಇಟ್ಟು ಕಾಸ್ ಎಂಬ ಗೆರೆಯಲ್ಲಿ ಸನ್ನೆ ಕೊಡುವುದು. 200 ನ್ಯಾನೊಸೆಕೆಂಡಿನ 4116ರಲ್ಲಿ ಕಾಸ್ ಸನ್ನೆ 65 ನ್ಯಾನೊಸೆಕೆಂಡಿನವರೆಗೆ ತಡವಾದರೂ ಉತ್ತರ ಬರುವ ಹೊತ್ತು ಒಂದಿಷ್ಟೂ ಹಿಂದೆ ಬೀಳುತ್ತಿರಲಿಲ್ಲ. ಸ್ಟ್ಯಾಟಿಕ್ ಚಿಪ್‌ನಲ್ಲಿ ಇಂಥ ಬಿಡುವು ಸಿಗುವುದಿಲ್ಲ. ಅದನ್ನು ಕೊಳ್ಳುವುದೇ ವೇಗಕ್ಕಾಗಿ, ವಿಳಾಸವನ್ನು ಎರಡು ಕಂತಿನಲ್ಲಿ ಕೊಟ್ಟರೆ ಆ ವೇಗವೇ ಹೋಗುತ್ತದೆ.

ಈ ಯೋಚನೆಯನ್ನು ಮಾರುಕಟ್ಟೆಗೆ ತಂದದ್ದು ಟೆಕ್ಸಾಸಿನ ಮಾಸ್ಟೆಕ್ ಕಂಪನಿ, 1973ರಲ್ಲಿ, ರಾಬರ್ಟ್ ಪ್ರೋಬ್‌ಸ್ಟಿಂಗ್ ಅವರ ಕೈಯಿಂದ. ಅವರ 4,096 ಬಿಟ್‌ನ ಚಿಪ್‌ಗೆ ಹದಿನಾರೇ ಪಿನ್. ಇಂಟೆಲ್ ಮತ್ತು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಷ್ಟೇ ಬಿಟ್‌ಗಳಿಗೆ ಇಪ್ಪತ್ತೆರಡು ಪಿನ್ ಇಟ್ಟಿದ್ದವು. ಕೊನೆಗೆ ಗೆದ್ದದ್ದು ಹದಿನಾರು. ಆರು ಪಿನ್ ಏನು ಮಹಾ ಅನ್ನಿಸಬಹುದು. ಐಬಿಎಂ ಪಿಸಿಯ 36 ಚಿಪ್‌ಗಳಿಗೆ ಲೆಕ್ಕ ಹಾಕಿದರೆ 216 ರಂಧ್ರ, 216 ಬೆಸುಗೆ ಉಳಿಯಿತು. ನನಗೆ ಇದಕ್ಕಿಂತ ಚಂದ ಕಾಣುವ ಲಾಭ ಇನ್ನೊಂದು. ಒಂದು ವಿಳಾಸದ ಪಿನ್ ಸೇರಿಸಿದರೆ ಅಡ್ಡಸಾಲೂ ಇಮ್ಮಡಿ, ಕಂಬಸಾಲೂ ಇಮ್ಮಡಿ, ಒಟ್ಟು ನಾಲ್ಕು ಪಟ್ಟು. ಮಾಸ್ಟೆಕ್ ಹಳೆಯ ಚಿಪ್‌ನ ಒಂದು ಪಿನ್‌ನ ಕೆಲಸ ಬದಲಿಸಿ ಅದನ್ನು ಏಳನೆಯ ವಿಳಾಸ ಮಾಡಿದ್ದರಿಂದಲೇ ಅದೇ ಹದಿನಾರು ಪಿನ್‌ನಲ್ಲಿ 4116 ಕುಳಿತುಕೊಂಡಿತು.

ಇನ್ನು ಸೋರಿಕೆಯ ಮಾತು. 4116ರ ಪ್ರತಿ ಅಡ್ಡಸಾಲನ್ನೂ 2 ಮಿಲಿಸೆಕೆಂಡಿಗೊಮ್ಮೆಯಾದರೂ ಎಬ್ಬಿಸಬೇಕು, ಇದಕ್ಕೆ ರಿಫ್ರೆಶ್ ಎನ್ನುತ್ತಾರೆ. ಎಬ್ಬಿಸಿದರೆ ಸಾಕು, ಆಂಪ್ಲಿಫೈಯರ್‌ಗಳು ತಾವಾಗಿಯೇ ಮರುತುಂಬುತ್ತವೆ. ಹಾಗಾಗಿ ಕಂಬಸಾಲಿನ ಸಂಖ್ಯೆಯೇ ಬೇಕಿಲ್ಲ, ರಾಸ್ ಸನ್ನೆಯೊಂದೇ ಸಾಕು. ಒಂದು ಸಾಲಿಗೆ 375 ನ್ಯಾನೊಸೆಕೆಂಡ್ ಎಂದರೆ 128 ಸಾಲಿಗೆ 48 ಮೈಕ್ರೊಸೆಕೆಂಡ್, 2 ಮಿಲಿಸೆಕೆಂಡಿನಲ್ಲಿ ಅದು ಶೇಕಡಾ 2.4. ಚಿಪ್ ಕೇಳುವ ಸುಂಕ ಇಷ್ಟೇ. ಪಿಸಿ ಕಟ್ಟಿದ್ದು ಇದಕ್ಕಿಂತ ಜಾಸ್ತಿ. ಅದರಲ್ಲಿ ಒಂದು ಟೈಮರ್ ಸುಮಾರು 15 ಮೈಕ್ರೊಸೆಕೆಂಡಿಗೊಮ್ಮೆ, ಅಂದರೆ ಪ್ರೊಸೆಸರಿನ 72 ಬಡಿತಗಳಿಗೊಮ್ಮೆ, ಸಾಲು ಎಬ್ಬಿಸಲು ಪ್ರೊಸೆಸರಿನ ಕೈಯಿಂದ ಬಸ್ ಕಸಿದುಕೊಳ್ಳುತ್ತಿತ್ತು. ಪ್ರತಿ ಸಲವೂ ಕಡಿಮೆಯೆಂದರೆ ನಾಲ್ಕು ಬಡಿತ ಹೋಗುತ್ತಿದ್ದವು, ಅದೇ ಶೇಕಡಾ ಐದೂವರೆ. 1977ರ ಆ್ಯಪಲ್ 2 ಈ ಸುಂಕವನ್ನೇ ತಪ್ಪಿಸಿಕೊಂಡಿತ್ತು. ಪರದೆಗೆ ಚಿತ್ರ ಕಳಿಸಲು ಮೆಮೊರಿಯನ್ನು ಹೇಗೂ ಸತತವಾಗಿ ಓದಬೇಕಿತ್ತು, ಆ ಓದೇ ಎಲ್ಲ ಸಾಲುಗಳನ್ನೂ ಎಬ್ಬಿಸುವಂತೆ ವೋಜ್ನಿಯಾಕ್ ಜೋಡಿಸಿದ್ದರು.

ಪಿಸಿಯ ಟೈಮರಿನಲ್ಲಿದ್ದ ಸಂಖ್ಯೆ 18. ಅದನ್ನು ಹೆಚ್ಚಿಸಿದರೆ ರಿಫ್ರೆಶ್ ವಿರಳವಾಗಿ ಯಂತ್ರ ತುಸು ಚುರುಕಾಗುತ್ತದೆ, ಹೀಗೆ ಮಾಡಿ ನೋಡಿದವರು ಇದ್ದರು. ಮಾಡಿದರೂ ಬಹಳ ಸಲ ಏನೂ ಆಗದು. ಏಕೆಂದರೆ 2 ಮಿಲಿಸೆಕೆಂಡ್ ಎಂಬುದು ಅತಿ ಸೋರುವ ಮನೆಗೆ, ಅತಿ ಸೆಖೆಯಲ್ಲಿ ಹಾಕಿದ ಗಡುವು. ಸುಮಾರು 10 ಡಿಗ್ರಿ ಬಿಸಿ ಏರಿದರೆ ಸೋರಿಕೆ ಇಮ್ಮಡಿಯಾಗುತ್ತದೆ. ಬೆಳಗಿನ ತಂಪಿನಲ್ಲಿ ಸರಿಯಾಗಿದ್ದ ಯಂತ್ರ ಮಧ್ಯಾಹ್ನ ಪೆಟ್ಟಿಗೆ ಬಿಸಿಯಾದ ಮೇಲೆ ತಪ್ಪಬಹುದು. ಆಗ ಸಾಲಿನ ಒಂಬತ್ತನೆಯ ಚಿಪ್ ಕೆಲಸಕ್ಕೆ ಬರುತ್ತಿತ್ತು. ಎಂಟು ಬಿಟ್‌ಗಳ ಲೆಕ್ಕ ಸರಿಯಿದೆಯೇ ಎಂದು ನೋಡಲೆಂದೇ ಅದನ್ನು ಇಟ್ಟಿದ್ದು. ಲೆಕ್ಕ ತಪ್ಪಿದರೆ ಪರದೆಯ ಮೇಲೆ PARITY CHECK 1 ಎಂದು ತೋರಿಸಿ ಯಂತ್ರ ನಿಂತುಬಿಡುತ್ತಿತ್ತು.

ಈಗಿನ ಡಿಡಿಆರ್4 ಚಿಪ್‌ನಲ್ಲಿ ಗಡುವು 64 ಮಿಲಿಸೆಕೆಂಡಿಗೆ ಹಿಗ್ಗಿದೆ. ಆದರೆ ಸಾಲುಗಳೂ ಬೆಳೆದಿವೆ. 8 ಗಿಗಾಬಿಟ್‌ನ ಚಿಪ್ 7.8 ಮೈಕ್ರೊಸೆಕೆಂಡಿಗೊಮ್ಮೆ 350 ನ್ಯಾನೊಸೆಕೆಂಡ್ ಬಾಗಿಲು ಹಾಕಿಕೊಂಡು ಒಂದು ಗುಂಪಿನ ಸಾಲುಗಳನ್ನು ತುಂಬಿಕೊಳ್ಳುತ್ತದೆ, ಅದು ಶೇಕಡಾ ನಾಲ್ಕೂವರೆ. ಬಿಸಿ 85 ಡಿಗ್ರಿ ದಾಟಿದರೆ ಎರಡು ಪಟ್ಟು ಸಲ ಮಾಡಬೇಕು, ಸುಂಕ ಒಂಬತ್ತಾಗುತ್ತದೆ. ವಿಳಾಸ ಇಂದಿಗೂ ಎರಡು ಕಂತಿನಲ್ಲೇ ಹೋಗುತ್ತದೆ. ಪಿನ್ ಉಳಿಸುವ ಈ ಕಸುಬು ಎಲ್ಲಿಗೆ ಬಂದಿದೆಯೆಂದರೆ, ಅಡ್ಡಸಾಲಿನ ಸಂಖ್ಯೆ ಕೊಡುವಾಗ ರಾಸ್ ಮತ್ತು ಕಾಸ್ ಪಿನ್‌ಗಳೂ ವಿಳಾಸದ ಪಿನ್‌ಗಳಾಗಿ ದುಡಿಯುತ್ತವೆ.