ಒಂದು ದಿನ, ಒಂದು ಅಂಕ: ಅರ್ಹತೆಯ ಗಣಿತ

ಕುವೈತ್‌ನಲ್ಲಿರೋ ಕೇಳುಗರೊಬ್ಬರು ಬರೆದಿದ್ದರು: "ನನ್ನ ತಮ್ಮ ಹುಟ್ಟಿದ್ದು 1992ರ ಆಗಸ್ಟ್ 1. ಸಾಮಾನ್ಯ ವರ್ಗ. 2024ರ ಯುಪಿಎಸ್‌ಸಿ ಸಿವಿಲ್ ಸರ್ವಿಸಸ್ ಪರೀಕ್ಷೆಗೆ ಅವನಿಗೆ ವಯಸ್ಸು ಮೀರಿದೆ ಅಂದ್ರು. ಒಂದೇ ದಿನಕ್ಕೆ ಹೋಯ್ತಾ?"

ಹೌದು, ಒಂದೇ ದಿನಕ್ಕೆ. ನಿಯಮ ಹೇಳೋದು ಇಷ್ಟು: 2024ರ ಆಗಸ್ಟ್ 1ಕ್ಕೆ 21 ವರ್ಷ ತುಂಬಿರಬೇಕು, 32 ತುಂಬಿರಬಾರದು. ವಯಸ್ಸನ್ನು a ಅಂದುಕೊಂಡರೆ ಇದು ಎರಡು ಇನ್‌ಈಕ್ವಾಲಿಟಿಗಳು ಸೇರಿದ ಒಂದು ಸಾಲು:

21 ≤ a < 32

ಎಡಗಡೆ ಚಿಹ್ನೆಯ ಕೆಳಗೆ ಗೆರೆ ಇದೆ, ಬಲಗಡೆ ಇಲ್ಲ. ಅಂದು ಸರಿಯಾಗಿ 21 ತುಂಬಿದವರು ಒಳಗೆ, ಸರಿಯಾಗಿ 32 ತುಂಬಿದವರು ಹೊರಗೆ. ತಮ್ಮನಿಗೆ ಅಂದೇ 32 ತುಂಬಿತ್ತು.

ಇದನ್ನೇ ಹುಟ್ಟಿದ ದಿನಾಂಕಕ್ಕೆ ತಿರುಗಿಸಿದರೆ ದಿಕ್ಕು ಬದಲಾಗುತ್ತೆ, ಯಾಕಂದ್ರೆ ವಯಸ್ಸು ಹೆಚ್ಚಿದ್ದಷ್ಟೂ ದಿನಾಂಕ ಹಿಂದಿನದು. ಗರಿಷ್ಠ ವಯಸ್ಸೇ ಕನಿಷ್ಠ ದಿನಾಂಕವಾಗುತ್ತೆ: 1992ರ ಆಗಸ್ಟ್ 2ಕ್ಕಿಂತ ಮುಂಚೆ ಹುಟ್ಟಿರಬಾರದು, 2003ರ ಆಗಸ್ಟ್ 1ರ ನಂತರವೂ ಹುಟ್ಟಿರಬಾರದು. ಆ "2" ಬಂದಿದ್ದು ಗೆರೆಯಿಲ್ಲದ ಚಿಹ್ನೆಯಿಂದ.

ಕೆಲವರು ಇದನ್ನ "21ರಿಂದ 31" ಅಂತ ಬರೀತಾರೆ. ಪೂರ್ಣಗೊಂಡ ವರ್ಷಗಳನ್ನಷ್ಟೇ ಎಣಿಸಿದರೆ ಅದೂ ಸರಿಯೇ. ಆದರೆ 1993ರ ಫೆಬ್ರವರಿ 1ರಂದು ಹುಟ್ಟಿದವರ ವಯಸ್ಸು ಅಂದು 31.5. a ≤ 31 ಅಂತ ಪರೀಕ್ಷಿಸೋ ಎಕ್ಸೆಲ್ ಶೀಟ್ ಈ ಅರ್ಹರನ್ನೂ ಹೊರಗೆ ಹಾಕುತ್ತೆ.

ಈಗ ಶೇಕಡಾವಾರು. ಯುಜಿಸಿ-ನೆಟ್‌ಗೆ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಕನಿಷ್ಠ 55% ಬೇಕು, ರೌಂಡ್ ಆಫ್ ಮಾಡೋ ಹಾಗಿಲ್ಲ. 2400ಕ್ಕೆ 1319 ಅಂಕ ಬಂದ್ರೆ 54.958%. ಅಂಕಪಟ್ಟಿಯಲ್ಲಿ ದುಂಡಾಗಿ 55 ಅಂತ ಅಚ್ಚಾಗಿದ್ದರೂ p ≥ 55 ಸುಳ್ಳು. ಸಂದೇಹವಿದ್ದರೆ ಭಾಗಿಸೋಕೇ ಹೋಗಬೇಡಿ: 2400ರ 55% ಅಂದ್ರೆ 1320. ಪಡೆದ ಅಂಕವನ್ನ ನೇರವಾಗಿ ಅದಕ್ಕೆ ಹೋಲಿಸಿ.

ಅದೇ ಪರೀಕ್ಷೆಯಲ್ಲಿ ಜೆಆರ್‌ಎಫ್ ಬೇಕಂದ್ರೆ ವಯಸ್ಸು 30 ಮೀರಬಾರದು ಅನ್ನೋದೂ ಸೇರುತ್ತೆ:

p ≥ 55 ಮತ್ತು a ≤ 30

ಇಲ್ಲಿರೋದು "ಮತ್ತು". 80% ಬಂದಿದ್ದರೂ ಅದು ವಯಸ್ಸಿನ ಕೊರತೆ ತುಂಬಲ್ಲ. ಹಾಗೇ ರಿಯಾಯಿತಿಯನ್ನೂ ಒಂದೊಂದು ಮಿತಿಗೆ ಬೇರೆಬೇರೆಯಾಗಿ ನೋಡಬೇಕು. ಎಸ್‌ಸಿ, ಎಸ್‌ಟಿ, ಕೆನೆಪದರಕ್ಕೆ ಸೇರದ ಒಬಿಸಿಯವರಿಗೆ ಎರಡರಲ್ಲೂ ಸಡಿಲಿಕೆ ಇದೆ: p ≥ 50, a ≤ 35. ಸಾಮಾನ್ಯ ವರ್ಗದ ಮಹಿಳೆಗೆ ವಯಸ್ಸಿನಲ್ಲಿ ಮಾತ್ರ: p ≥ 55, a ≤ 35. "ನಂಗೆ ರಿಯಾಯಿತಿ ಇದೆ" ಅಂತ 52%ಗೆ ಅರ್ಜಿ ಹಾಕೋ ಗೊಂದಲ ಹುಟ್ಟೋದು ಇಲ್ಲೇ.

ಹಾಗಾಗಿ ಅಧಿಸೂಚನೆ ಕೈಗೆ ಬಂದಾಗ ಮೂರು ವಿಷಯ ಬರೆದಿಟ್ಟುಕೊಳ್ಳಿ: ಯಾವ ದಿನಾಂಕಕ್ಕೆ ವಯಸ್ಸು ಲೆಕ್ಕ, ಯಾವ ಚಿಹ್ನೆಯ ಕೆಳಗೆ ಗೆರೆ ಇದೆ, ಯಾವ ಮಿತಿಗೆ ಸಡಿಲಿಕೆ. ಕುವೈತ್‌ನ ಅಕ್ಕನಿಗೂ ಇದನ್ನೇ ಬರೆದೆ. ತಮ್ಮ ಆಗಸ್ಟ್ 2ರಂದು ಹುಟ್ಟಿದ್ದರೆ ಅರ್ಹನಾಗಿರ್ತಿದ್ದ.